ಅಜ್ಜಿಯ ಬೂಸ್ಟರ್ ಲೇಖನ: ಮೂರು ತಿಂಗಳು ಸರಿ, ಕಾರಣ ತಪ್ಪು

“ಸಂಪಾದಕರಿಗೆ ನಮಸ್ಕಾರ. ‘ಅಜ್ಜಿಗೆ ಬೂಸ್ಟರ್ ಯಾವಾಗ?’ ಅಂತ ಒಂದು ಲೇಖನ ಕಳಿಸಿದ್ದೇನೆ. ನಮ್ಮಜ್ಜಿಗೆ 74 ವರ್ಷ, ಶುಗರ್ ಇದೆ. ಕೋವಿಶೀಲ್ಡ್ ಎರಡನೇ ಡೋಸ್ ಆಗಿದ್ದು 2021ರ ಜುಲೈ 12ಕ್ಕೆ. ಈ ವರ್ಷ ಜುಲೈ 18ಕ್ಕೆ ಜ್ವರ ಬಂತು, 20ಕ್ಕೆ ಕೋವಿಡ್ ಪಾಸಿಟಿವ್. ಉಚಿತ ಬೂಸ್ಟರ್ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ, ಆದರೆ ಸೋಂಕಾದ ಮೂರು ತಿಂಗಳೊಳಗೆ ಹಾಕಿಸಿದರೆ ಅಪಾಯ. ಈ ಇಕ್ಕಟ್ಟಿನ ಬಗ್ಗೆಯೇ ಬರೆದಿದ್ದೇನೆ. ನಾನು ಹೊಸಬಳು, ಮುಲಾಜಿಲ್ಲದೆ ಹೇಳಿ.” (ನಾಪೋಕ್ಲಿನಿಂದ, ಆಗಸ್ಟ್ 2022)

ನಮಸ್ಕಾರ. ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬರವಣಿಗೆ ಚೆನ್ನಾಗಿದೆ, ತೊಂದರೆ ಅದರಲ್ಲಿಲ್ಲ. ಮೂರು ತಿಂಗಳು ಕಾಯಬೇಕು ಎಂದು ಸರಿಯಾಗಿಯೇ ಹೇಳಿದ್ದೀರಿ, ಆದರೆ ಅದಕ್ಕೆ ನೀವು ಕೊಟ್ಟ ಕಾರಣ ತಪ್ಪು. ಕಾರಣ ತಪ್ಪಾದರೆ ಓದಿದವರು ಮುಂದೆ ಮಾಡುವುದೂ ತಪ್ಪಾಗುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಲ್ಲಿ ಹೇಳುವ ನಿಯಮಗಳೆಲ್ಲ 2022ರ ಆಗಸ್ಟಿನವು.

ಎರಡನೇ ಪುಟದಲ್ಲಿ ಹೀಗಿದೆ: “ಸೋಂಕಿನ ವಿಷ ಇನ್ನೂ ಮೈಯಲ್ಲಿರುವಾಗ ಲಸಿಕೆಯೂ ಸೇರಿದರೆ ವಯಸ್ಸಾದ ದೇಹ ತಡೆಯಲಾರದು.” ಈ ವಾಕ್ಯ ತೆಗೆಯಲೇಬೇಕು. ಮೂರು ತಿಂಗಳ ಗಡುವು ಇಟ್ಟದ್ದು ಅಪಾಯದ ಭಯಕ್ಕಲ್ಲ. ಬ್ರಿಟನ್ನಿನಲ್ಲಿ ಸೋಂಕಾದ ನಾಲ್ಕು ವಾರದ ನಂತರ ದೊಡ್ಡವರಿಗೆ ಲಸಿಕೆ ಹಾಕುತ್ತಾರೆ. ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿ ಮೂರು ತಿಂಗಳು ಮುಂದೂಡುವುದನ್ನು ಯೋಚಿಸಬಹುದು ಎನ್ನುತ್ತದೆ, ಮುಂದೂಡಲೇಬೇಕು ಎನ್ನುವುದಿಲ್ಲ. ನಮ್ಮಲ್ಲಿ ಕೇಂದ್ರ ಆರೋಗ್ಯ ಇಲಾಖೆ 2021ರ ಮೇ ತಿಂಗಳಲ್ಲಿ ‘ಗುಣವಾದ ಮೇಲೆ ಮೂರು ತಿಂಗಳು’ ಎಂದಿತು. ಈ ವರ್ಷ ಜನವರಿಯಲ್ಲಿ ಅದನ್ನೇ ಮುನ್ನೆಚ್ಚರಿಕೆ ಡೋಸಿಗೂ, ಅಂದರೆ ಬೂಸ್ಟರಿಗೂ, ಅನ್ವಯಿಸಿತು. ಒಂದೇ ಕಾಯಿಲೆ, ಒಂದೇ ವಯಸ್ಸು, ಮೂರು ದೇಶ ಮೂರು ರೀತಿ. ನಿಜವಾಗಿ ಜೀವಕ್ಕೆ ಅಪಾಯ ಇದ್ದಿದ್ದರೆ ಹೀಗೆ ಇರುತ್ತಿತ್ತಾ?

ಇದನ್ನು ಇಷ್ಟು ಒತ್ತಿ ಹೇಳಲು ನಿಮ್ಮ ಲೇಖನದಲ್ಲೇ ಒಂದು ಸಂಗತಿ ಇದೆ. ಪಕ್ಕದ ಮನೆಯ ಮಾವ ಸೋಂಕಾದ ಮೂರು ವಾರಕ್ಕೆ ಬೂಸ್ಟರ್ ಹಾಕಿಸಿಕೊಂಡರು, ಆಮೇಲೆ ಯಾರೋ ಹೇಳಿದ್ದು ಕೇಳಿ ನಿದ್ದೆ ಬಿಟ್ಟು ಕೂತಿದ್ದಾರೆ ಎಂದು ಬರೆದು, ಅಲ್ಲಿಗೇ ಬಿಟ್ಟಿದ್ದೀರಿ. ಅವರಿಗೊಂದು ಉತ್ತರ ಕೊಡಬೇಕಲ್ವಾ? ಅವರಿಗೆ ಹೇಳಬೇಕಾದದ್ದು ಇಷ್ಟೇ: ಬೇಗ ಹಾಕಿಸಿದ್ದರಿಂದ ಕೇಡೇನೂ ಆಗಿಲ್ಲ. ತೋಳು ನೋವು, ಒಂದೆರಡು ದಿನ ಮೈಕೈ ನೋವು, ಜ್ವರ ಬಂದಿರಬಹುದು. ಆ ಡೋಸ್ ಲೆಕ್ಕಕ್ಕೆ ಇದೆ, ಮತ್ತೆ ಹಾಕಿಸುವುದು ಬೇಡ. ಕಾದಿದ್ದರೆ ಲಾಭ ಜಾಸ್ತಿ ಸಿಗುತ್ತಿತ್ತು, ಅಷ್ಟೇ.

ಆ ಲಾಭ ಏನು ಎನ್ನುವುದೇ ಲೇಖನದ ಜೀವ. ಸೋಂಕಾದ ಮೊದಲ ವಾರಗಳಲ್ಲಿ ಅಜ್ಜಿಯ ರಕ್ತದಲ್ಲಿ ಪ್ರತಿಕಾಯಗಳು ತುಂಬಿರುತ್ತವೆ. ಆಗ ಲಸಿಕೆ ಕೊಟ್ಟರೆ ಅದರಿಂದ ಮೈಯಲ್ಲಿ ತಯಾರಾಗುವ ವೈರಸ್ಸಿನ ತುಣುಕನ್ನು ಈ ಪ್ರತಿಕಾಯಗಳೇ ಹಿಡಿದು ಗುಡಿಸಿ ಹಾಕುತ್ತವೆ, ಹೊಸದಾಗಿ ಕಲಿಯಲು ದೇಹಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ಇನ್ನೊಂದು ಕಡೆ, ವೈರಸ್ಸನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳು ದುಗ್ಧಗ್ರಂಥಿಗಳಲ್ಲಿ ತಿಂಗಳುಗಟ್ಟಲೆ ಪಳಗುತ್ತಾ ಇರುತ್ತವೆ. ಅವು ಪಳಗಿದ ಮೇಲೆ ಕೊಟ್ಟ ಡೋಸಿಗೆ ಬರುವ ಉತ್ತರ ಹೆಚ್ಚು ಗಟ್ಟಿ. ನೀವು ತೋಟದ ಮನೆಯವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸ್ಪ್ರಿಂಕ್ಲರ್ ಹಾಕಿ ಕಾಫಿ ಹೂ ಬಿಡಿಸಿದ ಮರುದಿನವೇ ಯಾರೂ ಎರಡನೇ ಸಲದ ಬ್ಯಾಕಿಂಗ್ ನೀರು ಕೊಡುವುದಿಲ್ಲ, ಎರಡು ಮೂರು ವಾರ ಬಿಟ್ಟು ಕೊಡುತ್ತಾರೆ, ಹಾಗೆ. ಸೋಂಕಾದ ಆ ಮೊದಲ ವಾರಗಳಲ್ಲಿ ಮತ್ತೆ ಸೋಂಕು ತಗಲುವ ಸಾಧ್ಯತೆಯೂ ಕಡಿಮೆ, ಹಾಗಾಗಿ ಕಾಯುವುದರಿಂದ ಕಳೆದುಕೊಳ್ಳುವುದೂ ಕಡಿಮೆ.

ಈಗ ಲೆಕ್ಕಕ್ಕೆ ಬರೋಣ. ಇಲ್ಲೂ ಎಡವಿದ್ದೀರಿ. ಅಜ್ಜಿಯ ವಿಷಯದಲ್ಲಿ ಎರಡು ಗಡುವು ಒಟ್ಟಿಗೆ ಓಡುತ್ತಿವೆ. ಒಂದು, ಎರಡನೇ ಡೋಸಿನಿಂದ ಆರು ತಿಂಗಳು. ಮೊದಲು ಅದು ಒಂಬತ್ತು ತಿಂಗಳಿತ್ತು, ಕಳೆದ ತಿಂಗಳು, ಅಂದರೆ ಜುಲೈ 6ಕ್ಕೆ, ಆರಕ್ಕೆ ಇಳಿಸಿದರು. ನಿಮ್ಮ ಕರಡಿನಲ್ಲಿ ಇನ್ನೂ ಒಂಬತ್ತೇ ಇದೆ. (ಇಂಥ ನಿಯಮ ಬರೆಯುವಾಗ ಪಕ್ಕದಲ್ಲಿ ತಾರೀಖು ಇರಲಿ, ನಾಳೆ ಬದಲಾದರೂ ಓದುಗರಿಗೆ ಗೊತ್ತಾಗುತ್ತದೆ.) ಇನ್ನೊಂದು, ಸೋಂಕಿನಿಂದ ಗುಣವಾದ ಮೇಲೆ ಮೂರು ತಿಂಗಳು. ಇವೆರಡರಲ್ಲಿ ಯಾವುದು ಕೊನೆಗೆ ಮುಗಿಯುತ್ತದೋ ಅದನ್ನು ಹಿಡಿಯಬೇಕು. ಅಜ್ಜಿಯ ಮೊದಲ ಗಡುವು ಯಾವಾಗಲೋ ಮುಗಿದಿದೆ, 2021ರ ಜುಲೈಯಿಂದ ವರ್ಷವೇ ದಾಟಿತು. ಉಳಿದದ್ದು ಎರಡನೆಯದು.

ಅದನ್ನು ಯಾವ ದಿನದಿಂದ ಎಣಿಸುವುದು? ನೀವು “ನೆಗೆಟಿವ್ ರಿಪೋರ್ಟ್ ಬಂದ ದಿನದಿಂದ” ಎಂದು ಬರೆದಿದ್ದೀರಿ. ಬೇಡ. ಆರ್‌ಟಿಪಿಸಿಆರ್ ಸತ್ತ ವೈರಸ್ಸಿನ ಚೂರಿಗೂ ವಾರಗಟ್ಟಲೆ ಪಾಸಿಟಿವ್ ತೋರಿಸಬಹುದು, ಅದನ್ನು ಕಾಯುತ್ತಾ ಕೂತರೆ ಲೆಕ್ಕ ಸುಮ್ನೆ ಮುಂದೆ ಹೋಗುತ್ತದೆ. ಲಸಿಕೆಗೆ ಮುಂಚೆ ಟೆಸ್ಟ್ ಮಾಡಿಸಬೇಕು ಎಂಬ ನಿಯಮವೂ ಇಲ್ಲ. ಮನೆಯಲ್ಲೇ ಗುಣವಾದವರಿಗೆ ಹೋಮ್ ಐಸೋಲೇಷನ್ ಮುಗಿದ ದಿನವನ್ನು ಗುಣವಾದ ದಿನ ಎಂದು ಹಿಡಿಯುವುದು ಸುಲಭ. ಈಗಿನ ನಿಯಮದಂತೆ ಪಾಸಿಟಿವ್ ಬಂದು ಏಳು ದಿನವಾಗಿರಬೇಕು, ಕೊನೆಯ ಮೂರು ದಿನ ಜ್ವರ ಇರಬಾರದು. ಅಜ್ಜಿಗೆ ಪಾಸಿಟಿವ್ ಜುಲೈ 20ಕ್ಕೆ, ಜ್ವರ ಬಿಟ್ಟದ್ದು 23ಕ್ಕೆ ಎಂದು ಬರೆದಿದ್ದೀರಿ. ಅಲ್ಲಿಗೆ 27ಕ್ಕೆ ಮುಗಿಯಿತು. ಕೆಮ್ಮು ಆಗಸ್ಟ್ ಮೊದಲ ವಾರದವರೆಗೆ ಇತ್ತು ನಿಜ, ಆದರೆ ಉಳಿದ ಕೆಮ್ಮಿಗೆ ಲೆಕ್ಕ ಮುಂದೂಡುವುದು ಬೇಕಿಲ್ಲ. ಜುಲೈ 27ರಿಂದ ಮೂರು ತಿಂಗಳೆಂದರೆ ಅಕ್ಟೋಬರ್ 27.

ಈ ತಾರೀಖನ್ನು ನಿಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇಟ್ಟು ನೋಡಿ. ತಲಕಾವೇರಿಯ ತುಲಾ ಸಂಕ್ರಮಣ ಮುಗಿದಿರುತ್ತದೆ, ಹುತ್ತರಿಗೆ ಇನ್ನೂ ಕೆಲವು ವಾರ ಇರುತ್ತದೆ. ಹುತ್ತರಿಗೆ ಬೆಂಗಳೂರಿನಿಂದ, ಮೈಸೂರಿನಿಂದ ಎಲ್ಲರೂ ಬಂದು ಐನ್‌ಮನೆಯಲ್ಲಿ ಸೇರುತ್ತಾರೆ, ಎಲ್ಲರೂ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾರೆ. ಡೋಸ್ ಹಾಕಿಸಿಕೊಂಡು ಅದು ಚೆನ್ನಾಗಿ ಹಿಡಿಯಲು ಎರಡು ವಾರ ಬೇಕು. ಹಾಗಾಗಿ ಅಕ್ಟೋಬರ್ ಕೊನೆಗೆ, ತಡವಾದರೆ ನವೆಂಬರ್ ಮೊದಲ ವಾರದೊಳಗೆ ಹಾಕಿಸುವುದು ನಿಮ್ಮಜ್ಜಿಗೆ ಸರಿಯಾದ ಹೊತ್ತು. ಲೇಖನದಲ್ಲಿ ಹೀಗೆಯೇ ದಿನ ಎಣಿಸಿ ತೋರಿಸಿ. ಓದಿದವರು ತಮ್ಮ ಮನೆಯ ತಾರೀಖು ಹಾಕಿ ಲೆಕ್ಕ ಮಾಡಿಕೊಳ್ಳುತ್ತಾರೆ.

ಸೆಪ್ಟೆಂಬರ್ 30ರ ಇಕ್ಕಟ್ಟು, ನೀವು ಇಡೀ ಲೇಖನ ಕಟ್ಟಿದ್ದೇ ಅದರ ಮೇಲೆ, ಆ ಇಕ್ಕಟ್ಟೇ ಇಲ್ಲ. ಜುಲೈ 15ರಿಂದ ಸೆಪ್ಟೆಂಬರ್ 30ರವರೆಗಿನ ಉಚಿತ ಅಭಿಯಾನ ಬಂದದ್ದು 18ರಿಂದ 59 ವಯಸ್ಸಿನವರಿಗಾಗಿ. ಅವರು ಅಲ್ಲಿಯವರೆಗೆ ಖಾಸಗಿ ಕೇಂದ್ರದಲ್ಲಿ ದುಡ್ಡು ಕೊಟ್ಟು ಹಾಕಿಸಬೇಕಿತ್ತು. 60 ದಾಟಿದವರಿಗೆ ಸರ್ಕಾರಿ ಕೇಂದ್ರದಲ್ಲಿ ಮುನ್ನೆಚ್ಚರಿಕೆ ಡೋಸ್ ಅದಕ್ಕೂ ಮುಂಚಿನಿಂದಲೇ ಉಚಿತ, ಈ ಅಭಿಯಾನದ ಕೊನೆಯ ದಿನಕ್ಕೂ ಅವರಿಗೂ ಸಂಬಂಧವಿಲ್ಲ. ಅಜ್ಜಿಯನ್ನು ಆ ತಾರೀಖಿಗೆ ಹೆದರಿ ಎಳೆದುಕೊಂಡು ಹೋಗಬೇಕಿಲ್ಲ. ಡೋಸಿನ ಸಮಯವಾಯಿತು ಎಂದು ಮೊಬೈಲಿಗೆ ಬರುವ ಮೆಸೇಜ್ ನೋಡಿಯೂ ಗಾಬರಿ ಬೇಡ. ಕೋವಿನ್‌ಗೆ ಗೊತ್ತಿರುವುದು ಎರಡನೇ ಡೋಸಿನ ದಿನ ಮಾತ್ರ. ಅಜ್ಜಿಗೆ ಜುಲೈಯಲ್ಲಿ ಸೋಂಕಾದದ್ದು ಅದಕ್ಕೆ ತಿಳಿಯದು, ಆ ಲೆಕ್ಕ ಮನೆಯವರೇ ಇಟ್ಟುಕೊಳ್ಳಬೇಕು.

ಇನ್ನು ಚಿಕ್ಕಜ್ಜನ ವಿಷಯ. ಲೇಖನದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದೇ. ಸಿದ್ದಾಪುರದಲ್ಲಿ ಬೇರೆ ಮನೆಯಲ್ಲಿರುವವರು, 70 ವರ್ಷ, ಅವರಿಗೂ ಎರಡನೇ ಡೋಸ್ ಆಗಿ ವರ್ಷವಾಗಿದೆ. ಕಕ್ಕಡ ತಿಂಗಳ ಮಳೆಯಲ್ಲಿ ನಾಲ್ಕು ದಿನ ಜ್ವರ ಬಂತು, ಟೆಸ್ಟ್ ಮಾಡಿಸಲಿಲ್ಲ, “ಅದೂ ಕೊರೊನಾವೇ ಇರಬೇಕು, ಅವರೂ ಮೂರು ತಿಂಗಳು ಕಾಯಲಿ” ಎಂದು ಬರೆದಿದ್ದೀರಿ. ಕೊಡಗಿನ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಎಷ್ಟು ಕಾರಣ! ಫ್ಲೂ ಇರಬಹುದು, ಡೆಂಗ್ಯೂ ಇರಬಹುದು, ಗದ್ದೆ ಕೆಲಸ ಮಾಡುವವರಿಗೆ ಇಲಿ ಜ್ವರ ಇರಬಹುದು. ಇವು ಯಾವುವೂ ಕೋವಿಡ್ ವಿರುದ್ಧ ಒಂದು ದಿನದ ರಕ್ಷಣೆಯನ್ನೂ ಕೊಡುವುದಿಲ್ಲ. ಸೋಂಕಾಗಿದೆ ಎಂದು ಊಹಿಸಿ ಮೂರು ತಿಂಗಳು ಕಾಯಿಸಿದರೆ, ಹಳೆಯ ರಕ್ಷಣೆ ಇಳಿದಿರುವ ಒಬ್ಬ ಮುದುಕರನ್ನು ಅಷ್ಟು ದಿನ ಸುಮ್ನೆ ಬಯಲಿಗೆ ಬಿಟ್ಟ ಹಾಗೆ. ಅಜ್ಜಿಯ ಮನೆಯಲ್ಲೇ ಇದ್ದು, ಅಜ್ಜಿಗೆ ಪಾಸಿಟಿವ್ ಬಂದ ಎರಡು ಮೂರು ದಿನಕ್ಕೆ ಮಲಗಿದ್ದರೆ ಕೋವಿಡ್ ಎಂದು ನಂಬಲು ಆಧಾರ ಇರುತ್ತಿತ್ತು. ಇಲ್ಲಿ ಅದಿಲ್ಲ. ಟೆಸ್ಟಿನ ಆಧಾರ ಇಲ್ಲದ ಜ್ವರಕ್ಕೆ ಮೂರು ತಿಂಗಳ ಲೆಕ್ಕ ಹಾಕಬೇಡಿ, ಜ್ವರ ಬಿಟ್ಟು ಚೇತರಿಸಿಕೊಂಡಿದ್ದರೆ ಹಾಕಿಸಬಹುದು.

ಕೊನೆಯ ಪುಟದ “ಸೋಂಕೇ ಬೂಸ್ಟರ್, ಇನ್ನೇಕೆ ಸೂಜಿ” ಎಂಬ ಸಾಲೂ ಹೋಗಲಿ. ಓಮಿಕ್ರಾನ್ ಬಂದ ಮೇಲೆ ಒಮ್ಮೆ ಸೋಂಕಾದವರಿಗೇ ಮತ್ತೆ ಆಗುತ್ತಿದೆ. ವಯಸ್ಸಾದವರಲ್ಲಿ, ಅದರಲ್ಲೂ ಶುಗರ್ ಇರುವವರಲ್ಲಿ, ಪ್ರತಿಕಾಯ ಹುಟ್ಟುವುದು ಕಡಿಮೆ, ಇಳಿಯುವುದು ಬೇಗ. ಆದ್ದರಿಂದ ಮೂರು ತಿಂಗಳು ಎಂಬುದು ಮರೆತುಬಿಡಲು ಕೊಟ್ಟ ರಜೆಯಲ್ಲ, ಆಮೇಲೆ ಹೋಗಲೇಬೇಕಾದ ತಾರೀಖು. ಕಿಡ್ನಿ ಕಸಿ ಆದವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರ ಲೆಕ್ಕ ಬೇರೆ. ಅವರು ತಮ್ಮನ್ನು ನೋಡುವ ವೈದ್ಯರನ್ನೇ ಕೇಳಬೇಕು, ಅವರಿಗೆ ಬೇಗ ಕೊಡುವುದೇ ಒಳ್ಳೆಯದಾಗಬಹುದು. ಇದನ್ನು ಎರಡು ಸಾಲಿನಲ್ಲಿ ಹೇಳಿ ಮುಗಿಸಿ, ಎಳೆಯಬೇಡಿ.

ಮಳೆಯ ವರ್ಣನೆ ನಾಲ್ಕು ಪ್ಯಾರಾ ಇದೆ, ಒಂದಕ್ಕೆ ಇಳಿಸಿ. ಅಜ್ಜಿ ಆಶಾ ಕಾರ್ಯಕರ್ತೆಗೆ “ನಂಗೆ ಚುಚ್ಚಿದ್ರೆ ಕೊರೊನಾ ವಾಪಸ್ ಬರುತ್ತಾ?” ಎಂದು ಕೇಳುವ ಭಾಗ ಮೊದಲಿಗೆ ಬರಲಿ. ಕೊಡಗಿನ ಅರ್ಧ ಮನೆಗಳಲ್ಲಿ ಇರುವ ಪ್ರಶ್ನೆ ಅದು. ಅದರ ಉತ್ತರವಾಗಿ ಇಡೀ ಲೇಖನ ಹರಿಯಲಿ. ತಿದ್ದಿದ್ದನ್ನು ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದು ಹಬ್ಬ ಮುಗಿಸಿ ಕಳಿಸಿದರೂ ಸಾಕು, ಖಂಡಿತ ಹಾಕುತ್ತೇನೆ. ಚಿಕ್ಕಜ್ಜನನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಡಿ. ಕೋವಿಶೀಲ್ಡ್ ಬಾಟಲಿಯಲ್ಲಿ ಹತ್ತು ಡೋಸ್ ಇರುತ್ತದೆ, ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಹಾಗಾಗಿ ಜನ ಸೇರುವ ದಿನ ನೋಡಿ ತೆರೆಯುತ್ತಾರೆ. ಆ ದಿನ ಯಾವುದೆಂದು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಕೇಳಿಕೊಂಡು, ಈ ವಾರವೇ ಅವರನ್ನು ಜೀಪಿನಲ್ಲಿ ಕೂರಿಸಿ ಕರೆದುಕೊಂಡು ಹೋಗಿ.