ಸೀರೆ ಬದಲಿಸಿದರೆ ಮುಖವೂ ಏಕೆ ಬದಲಾಗುತ್ತದೆ?

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಚೂಡಿದಾರ್ ತೊಟ್ಟು ನಿಂತ ಹುಡುಗಿಯ ಪೂರ್ಣ ನಿಲುವಿನ ಫೋಟೋ ಕೊಟ್ಟು, ಅದಕ್ಕೆ ರೇಷ್ಮೆ ಸೀರೆ ಉಡಿಸಿಕೊಡಿ ಎಂದು ಮನೆಯವರು ಕೇಳಿದರು. ಬರಹದಲ್ಲಿ ಹೇಳಿದಂತೆ ಚಿತ್ರ ಬಿಡಿಸುವ ಎಐ ಮಾದರಿಯಾದ ಸ್ಟೇಬಲ್ ಡಿಫ್ಯೂಷನ್‌ನಲ್ಲಿ ಮಾಡಿದೆ. ಸೀರೆ ಚೆನ್ನಾಗಿ ಬಂತು. ಆದರೆ ಹುಡುಗಿಯ ತಾಯಿ ನೋಡಿ, "ಇವಳು ನಮ್ಮ ಹುಡುಗಿ ಅಲ್ಲ, ಅವಳ ದೊಡ್ಡಮ್ಮನ ಮಗಳ ಹಾಗಿದ್ದಾಳೆ" ಎಂದರು. `same face` ಎಂದು ಬರೆದರೂ ಉಪಯೋಗವಾಗಲಿಲ್ಲ. ಹೀಗೇಕೆ ಆಗುತ್ತದೆ, ತಡೆಯುವುದು ಹೇಗೆ?

ಉತ್ತರ: ಆ ತಾಯಿಯ ಮಾತು ಬಹಳ ನಿಖರವಾಗಿದೆ. ತಲೆಯ ವಾಲು, ಮುಖದ ಉದ್ದಗಲ, ಕೂದಲಿನ ಬೈತಲೆ, ಮೈಬಣ್ಣ ಇವೆಲ್ಲ ಉಳಿದು, ಕಣ್ಣುಗಳ ನಡುವಿನ ಅಂತರ, ರೆಪ್ಪೆಯ ಮಡಿಕೆ, ಮೂಗಿನ ತುದಿ, ತುಟಿಯ ಅಂಚುಗಳಂಥ ಸಣ್ಣ ಅಳತೆಗಳು ತಪ್ಪಿದಾಗ ನಮಗೆ ಕಾಣುವುದು ಅಪರಿಚಿತಳ ಮುಖವಲ್ಲ, ಹತ್ತಿರದ ಸಂಬಂಧಿಯ ಮುಖ. ದೊಡ್ಡ ಆಕಾರ ಉಳಿದು ಸಣ್ಣ ಅಳತೆಗಳಷ್ಟೇ ಹೋಗುವುದಕ್ಕೆ ಈ ಮಾದರಿ ಕೆಲಸ ಮಾಡುವ ರೀತಿಯೇ ಕಾರಣ.

ನಿಮ್ಮಲ್ಲಿಗೆ ಬಂದ ಫೋಟೋ 3000×4000 ಪಿಕ್ಸೆಲ್‌ಗಳದ್ದೆಂದು ಇಟ್ಟುಕೊಳ್ಳೋಣ. ಅದನ್ನು 768×1024ಕ್ಕೆ ಇಳಿಸಿ ಮಾದರಿಗೆ ಕೊಟ್ಟಿರುತ್ತೀರಿ. ನಿಂತ ಹುಡುಗಿಯ ಎತ್ತರ ಸುಮಾರು 900 ಪಿಕ್ಸೆಲ್ ಇದ್ದರೆ ತಲೆಯ ಎತ್ತರ 120 ಪಿಕ್ಸೆಲ್ ಆಸುಪಾಸು, ಮುಖದ ಅಗಲ 80 ಇರುತ್ತದೆ. ಮುಖದ ಅಗಲದಲ್ಲಿ ಒಂದು ಕಣ್ಣಿನ ಪಾಲು ಐದನೇ ಒಂದು ಭಾಗ, ಎಂದರೆ 16 ಪಿಕ್ಸೆಲ್. ಸ್ಟೇಬಲ್ ಡಿಫ್ಯೂಷನ್ ಈ ಪಿಕ್ಸೆಲ್‌ಗಳ ಮೇಲೆ ನೇರವಾಗಿ ಕೆಲಸ ಮಾಡುವುದಿಲ್ಲ. ಮೊದಲು ಅದರ ಎನ್‌ಕೋಡರ್ ಚಿತ್ರವನ್ನು ಎರಡೂ ದಿಕ್ಕಿನಲ್ಲಿ ಎಂಟು ಪಟ್ಟು ಕುಗ್ಗಿಸುತ್ತದೆ. 8×8 ಪಿಕ್ಸೆಲ್‌ಗಳ ಒಂದು ಚೌಕದಲ್ಲಿ ಕೆಂಪು, ಹಸಿರು, ನೀಲಿ ಸೇರಿ 192 ಸಂಖ್ಯೆಗಳಿದ್ದರೆ, ಕುಗ್ಗಿದ ಮೇಲೆ ಅದರ ಜಾಗದಲ್ಲಿ ನಾಲ್ಕೇ ಸಂಖ್ಯೆಗಳ ಒಂದು ಕೋಶ ಉಳಿಯುತ್ತದೆ. ಆಗ ಇಡೀ ಮುಖದ ಅಗಲಕ್ಕೆ ಸಿಕ್ಕಿದ್ದು ಹತ್ತು ಕೋಶ, ಒಂದು ಕಣ್ಣಿನ ಅಗಲಕ್ಕೆ ಎರಡು. ಕಣ್ಣಿನ ಎತ್ತರಕ್ಕೆ ಒಂದು ಪೂರ್ತಿ ಕೋಶವೂ ಇಲ್ಲ. ಏನನ್ನೂ ಹೊಸದಾಗಿ ಬಿಡಿಸದೆ ಕುಗ್ಗಿಸಿ ಮತ್ತೆ ಹಿಗ್ಗಿಸಿದರೂ ಸಾಕು, ಅಷ್ಟು ಚಿಕ್ಕ ಮುಖ ಸ್ವಲ್ಪ ಕಲಸಿಹೋಗುತ್ತದೆ. ಒಂದು ಫೋಟೋವನ್ನು ಯಾವ ಬದಲಾವಣೆಯೂ ಇಲ್ಲದೆ ಎನ್‌ಕೋಡ್ ಮತ್ತು ಡಿಕೋಡ್ ಮಾಡಿ ಮೂಲದ ಪಕ್ಕದಲ್ಲಿಟ್ಟು ನೋಡಿ. ಕಣ್ಣಿನ ಹೊಳಪಿನ ಚುಕ್ಕೆ ಮತ್ತು ಮೂಗುತಿಯ ಹರಳು ಮೊದಲು ಕೆಡುತ್ತವೆ. ಎಸ್‌ಡಿ3, ಫ್ಲಕ್ಸ್‌ನಂಥ ಈಚಿನ ಮಾದರಿಗಳಲ್ಲಿ ಕೋಶಕ್ಕೆ ನಾಲ್ಕರ ಬದಲು ಹದಿನಾರು ಸಂಖ್ಯೆಗಳಿರುವುದರಿಂದ ಈ ನಷ್ಟ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಇದಾದ ಮೇಲೆ ಆ ಕೋಶಗಳಿಗೆ ಗದ್ದಲ, ಎಂದರೆ ಗೊತ್ತುಗುರಿಯಿಲ್ಲದ ಸಂಖ್ಯೆಗಳನ್ನು ಬೆರೆಸಿ, ಅದನ್ನು ಹಂತಹಂತವಾಗಿ ತೆಗೆಯುತ್ತಾ ಹೊಸ ಚಿತ್ರ ಬಿಡಿಸುವ ಕೆಲಸ ನಡೆಯುತ್ತದೆ. ಎಷ್ಟು ಗದ್ದಲ ಎಂಬುದನ್ನು ನೀವು `Denoising strength` ಎಂಬಲ್ಲಿ ಕೊಡುತ್ತೀರಿ. ಚೂಡಿದಾರ್ ಹೋಗಿ ಸೀರೆ ಬರಬೇಕಾದರೆ 0.75ಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಅಷ್ಟು ಗದ್ದಲದಲ್ಲಿ ತಲೆ ಎಲ್ಲಿದೆ, ಯಾವ ಕಡೆ ವಾಲಿದೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ ಎಂಬ ಒರಟು ಸುಳಿವು ಮಾತ್ರ ಬದುಕುತ್ತದೆ. ಕಣ್ಣಿಗಾಗಿ ಇದ್ದ ಆ ಎರಡು ಕೋಶಗಳ ಸೂಕ್ಷ್ಮ ಅಳಿಸಿಹೋಗುತ್ತದೆ. ಖಾಲಿಯಾದ ಆ ಜಾಗವನ್ನು ಮಾದರಿ ತಾನು ಕಲಿತ ಲಕ್ಷಾಂತರ ಮುಖಗಳಿಂದ ತುಂಬುತ್ತದೆ. ಹಾಗೆ ತುಂಬುವಾಗ ಸಾಮಾನ್ಯವಾದದ್ದರ ಕಡೆಗೆ ಜಾರುವುದು ಅದರ ಸ್ವಭಾವ: ತುಸು ಓರೆಯಾದ ಹಲ್ಲು ನೇರವಾಗುತ್ತದೆ, ಒಂದಕ್ಕಿಂತ ಒಂದು ಕೊಂಚ ಮೇಲಿದ್ದ ಹುಬ್ಬುಗಳು ಸಮನಾಗುತ್ತವೆ, ಗದ್ದದ ಮೇಲಿನ ಮಚ್ಚೆ ಮಾಯವಾಗುತ್ತದೆ. ಒಬ್ಬರನ್ನು ನಾವು ಗುರುತಿಸುವುದು ಬಹುಪಾಲು ಇಂಥ ಓರೆಕೋರೆಗಳಿಂದಲೇ ಆದ್ದರಿಂದ, ಮುಖ ಚೆಂದವಾಗಿದ್ದರೂ ಮನೆಯವರಿಗೆ ಪರಕೀಯವಾಗಿ ಕಾಣುತ್ತದೆ. `silk saree, bride` ಎಂದು ಬರೆದಿದ್ದರೆ ಆ ಮಾತುಗಳ ಪ್ರಭಾವ ಬಟ್ಟೆಯ ಮೇಲಷ್ಟೇ ನಿಲ್ಲದೆ ಮುಖಕ್ಕೂ ತಾಗಿ, ಕಾಡಿಗೆ ದಪ್ಪವಾಗಿ ಚರ್ಮ ನುಣುಪಾಗುತ್ತದೆ.

`same face` ಫಲಿಸದ ಕಾರಣವೂ ಇಲ್ಲೇ ಇದೆ. ಬರಹವು ಯಾವ ಬಗೆಯ ಚಿತ್ರ ಬೇಕೆಂದು ಮಾದರಿಯನ್ನು ಒಂದು ದಿಕ್ಕಿಗೆ ಎಳೆಯುತ್ತದೆ. ಇಂಥ ಪಿಕ್ಸೆಲ್‌ಗಳನ್ನು ಮುಟ್ಟಬೇಡ ಎಂದು ಹೇಳುವ ಶಕ್ತಿ ಅದಕ್ಕಿಲ್ಲ. ಆ ಕೆಲಸ, ಚಿತ್ರದ ಯಾವ ಭಾಗ ಬದಲಾಗಬೇಕೆಂದು ಗುರುತು ಮಾಡುವ ಮಾಸ್ಕ್‌ನದು.

ಆದ್ದರಿಂದ ನನ್ನ ಮೊದಲ ಸಲಹೆ, ತಲೆಯನ್ನು ಮಾದರಿಯ ಕೈಗೆ ಕೊಡಲೇಬೇಡಿ. ಗುರುತಿಸಿದ ಭಾಗವನ್ನಷ್ಟೇ ಹೊಸದಾಗಿ ಬಿಡಿಸುವ ಇನ್‌ಪೇಂಟಿಂಗ್‌ನಲ್ಲಿ ಕೊರಳೆಲುಬಿನಿಂದ ಕೆಳಗೆ, ಬಟ್ಟೆ ಮತ್ತು ತೋಳುಗಳ ಮೇಲೆ ಮಾತ್ರ ಮಾಸ್ಕ್ ಹಾಕಿ. ಸೀರೆಯ ನೆರಿಗೆಗೂ ಸೆರಗಿಗೂ ಜಾಗ ಬೇಕಾದ್ದರಿಂದ ಸೊಂಟದ ಕೆಳಗೆ ಮತ್ತು ಎಡಭುಜದ ಹಿಂದೆ ಮಾಸ್ಕ್ ಧಾರಾಳವಾಗಿರಲಿ, ಮೇಲುಗಡೆ ಬಿಗಿಯಾಗಿರಲಿ. `Restore faces` ಎಂಬ ಗುರುತು ಹಾಕಿದ್ದರೆ ತೆಗೆಯಿರಿ. ಅದರ ಹಿಂದಿರುವ ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್‌ಗಳು ಮಸುಕಾದ ಮುಖವನ್ನು ಸ್ಪಷ್ಟಗೊಳಿಸುವುದೇ ತಾವು ಕಲಿತ ಬೇರೆ ಮುಖಗಳ ಆಧಾರದಿಂದ. ಮುಖವನ್ನು ಕಾಪಾಡಲೆಂದು ಅದನ್ನು ಹಾಕಿ ಮುಖ ಕೆಡಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ.

ಮಾಸ್ಕ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಾಸ್ಕ್‌ನ ಹೊರಗಿದ್ದ ತಲೆಯೂ ಎಷ್ಟೋ ಸಲ ಡಿಕೋಡರ್ ಮೂಲಕವೇ ಹಾದು ಬರುತ್ತದೆ, ವಿಶೇಷವಾಗಿ ಸ್ಟೇಬಲ್ ಡಿಫ್ಯೂಷನ್ ನಡೆಸುವ ಕಂಫಿಯುಐ ತಂತ್ರಾಂಶದಲ್ಲಿ ಕಟ್ಟಿಕೊಂಡ ವರ್ಕ್‌ಫ್ಲೋಗಳಲ್ಲಿ. ಅಲ್ಲದೆ ನಿಮ್ಮ ಫೋಟೋ 768×1024ಕ್ಕೆ ಇಳಿದಿರುತ್ತದೆ. ಹಾಗಾಗಿ ಕೊನೆಯಲ್ಲಿ ಮೂಲ ಫೋಟೋದ ತಲೆಯನ್ನು, ಮೂಲದ ಅಳತೆಯಲ್ಲೇ, ಹೊಸ ಚಿತ್ರದ ಮೇಲೆ ಮರಳಿ ಕೂರಿಸಬೇಕು. ಫೋಟೋಶಾಪ್‌ನಲ್ಲಿ ಎರಡು ಲೇಯರ್ ಮತ್ತು ಒಂದು ಮಾಸ್ಕ್ ಸಾಕು. ದಿನಕ್ಕೆ ಹತ್ತಾರು ಚಿತ್ರಗಳಿದ್ದರೆ ಪೈಥಾನ್‌ನಲ್ಲಿ ಹೀಗೆ ಮಾಡಬಹುದು. `tale.png` ಮೂಲ ಫೋಟೋದ ಅಳತೆಯಲ್ಲೇ ಇರಬೇಕು, ಅದರಲ್ಲಿ ತಲೆ ಬಿಳಿ, ಉಳಿದದ್ದೆಲ್ಲ ಕಪ್ಪು.

```python
from PIL import Image, ImageFilter
moola = Image.open("moola.png").convert("RGB")
hosa = Image.open("hosa.png").convert("RGB").resize(moola.size, Image.LANCZOS)
tale = Image.open("tale.png").convert("L").filter(ImageFilter.GaussianBlur(12))
Image.composite(moola, hosa, tale).save("kone.png")
```

ಬೆಸುಗೆ ಎಲ್ಲಿ ಬೀಳಬೇಕೆಂಬುದನ್ನು ಸ್ವಲ್ಪ ಯೋಚಿಸಿ ಆರಿಸಿ. ದವಡೆಯ ಅಂಚಿನಲ್ಲೇ ಕತ್ತರಿಸಿದರೆ ಅಂಟಿಸಿದ್ದು ಎದ್ದು ಕಾಣುತ್ತದೆ. ಕತ್ತಿನ ನಡುವೆ, ಸರ ಇದ್ದರೆ ಸರದ ಗೆರೆಯುದ್ದಕ್ಕೂ ಕತ್ತರಿಸಿದರೆ ಕಣ್ಣಿಗೆ ಬೀಳುವುದಿಲ್ಲ. ಹೆಗಲ ಮೇಲೆ ಬಿಟ್ಟ ಕೂದಲು ಇದಕ್ಕಿಂತ ಕಷ್ಟದ್ದು, ಏಕೆಂದರೆ ಎಳೆಗಳ ನಡುವೆ ಹಳೆಯ ಚೂಡಿದಾರ್‌ನ ಬಣ್ಣ ಇಣುಕುತ್ತದೆ. ಅಲ್ಲಿ ದವಡೆಯಿಂದ ಮೇಲಿನ ಕೂದಲನ್ನು ಮೂಲದಿಂದ ಉಳಿಸಿ, ಕೆಳಗಿನದನ್ನು ಮಾದರಿಗೆ ಬಿಟ್ಟುಕೊಡುವುದು ಒಳ್ಳೆಯದು. ಇನ್ನೊಂದು ಸೂಕ್ಷ್ಮವನ್ನು ಹಲವರು ಗಮನಿಸುವುದಿಲ್ಲ. ತಿಳಿ ಬಣ್ಣದ ಚೂಡಿದಾರ್‌ನಿಂದ ಪುಟಿದ ಬೆಳಕು ಗದ್ದದ ಕೆಳಗೆ ಬಿದ್ದಿರುತ್ತದೆ; ಈಗ ಅಲ್ಲಿರುವುದು ಕಡುಗೆಂಪು ಸೀರೆ. ಹೊಸ ಲೇಯರ್ ಒಂದನ್ನು `Color` ಮೋಡ್‌ಗೆ ಹಾಕಿ, ಗದ್ದದ ಕೆಳಗೆ ಸೀರೆಯ ಕೆಂಪನ್ನು ಶೇ 10ರಷ್ಟು ಮಾತ್ರ ಸವರಿದರೆ ತಲೆ ಮತ್ತು ಮೈ ಒಂದೇ ಫೋಟೋದವಾಗಿ ಕೂಡಿಕೊಳ್ಳುತ್ತವೆ.

ಬರಹದಲ್ಲಿ ಹೇಳಿದರೆ ಚಿತ್ರ ತಿದ್ದಿಕೊಡುವ ಫ್ಲಕ್ಸ್ ಕಾಂಟೆಕ್ಸ್ಟ್, ಕ್ವೆನ್ ಇಮೇಜ್ ಎಡಿಟ್‌ನಂಥ ಮಾದರಿಗಳನ್ನು ಬಳಸುವುದಾದರೆ ಒಂದು ಎಚ್ಚರ ಬೇಕು. ಅವು ಮೂಲ ಚಿತ್ರವನ್ನು ನೋಡಿಕೊಂಡು ಬಿಡಿಸುವುದರಿಂದ ಮುಖವನ್ನು ಹೆಚ್ಚು ಹತ್ತಿರವಾಗಿ ತರುತ್ತವೆ, ಆದರೆ ಬಿಡಿಸುವುದು ಇಡೀ ಚಿತ್ರವನ್ನು. ಹಾಗಾಗಿ ಆಕೃತಿ ಕೆಲವು ಪಿಕ್ಸೆಲ್ ಸರಿದಿರಬಹುದು, ಅಳತೆ ತುಸು ಹಿಗ್ಗಿರಬಹುದು. ಮೂಲದ ತಲೆಯನ್ನು ಹಾಗೇ ಇಟ್ಟರೆ ಕತ್ತು ಮುರಿದಂತೆ ಕಾಣುತ್ತದೆ. ಮೊದಲು `Auto-Align Layers` ಬಳಸಿ ಎರಡೂ ಲೇಯರ್‌ಗಳನ್ನು ಹೊಂದಿಸಿ, ಆಮೇಲೆ ತಲೆ ಕೂರಿಸಿ.

ತಲೆಯನ್ನು ಮುಟ್ಟಲೇಬೇಕಾದ ಸಂದರ್ಭಗಳೂ ಇವೆ: ಸೆರಗನ್ನು ತಲೆಯ ಮೇಲೆ ಹೊದೆಸಬೇಕು, ಅಥವಾ ಹಗಲಿನ ಬೆಳಕನ್ನು ದೀಪದ ಬೆಳಕಾಗಿಸಬೇಕು. ಸೆರಗಾದರೆ ಹಣೆಯ ಮೇಲಿನಿಂದ ಕಿವಿಯವರೆಗಿನ ಕೂದಲಿಗಷ್ಟೇ ಮಾಸ್ಕ್ ಹಾಕಿ, ಹುಬ್ಬಿನಿಂದ ಗದ್ದದವರೆಗಿನದನ್ನು ಮುಟ್ಟದೆ ಬಿಡಬಹುದು. ಬೆಳಕನ್ನೇ ಬದಲಿಸುವುದಾದರೆ ತಲೆಯನ್ನು ಮಾತ್ರ ಮೂಲ ಫೋಟೋದಿಂದ ಕತ್ತರಿಸಿ, 1024 ಪಿಕ್ಸೆಲ್‌ಗೆ ಹೊಂದಿಸಿ ಕೆಲಸ ಮಾಡಿ. ಅಂಥದ್ದೇ ಇನ್ನೊಂದು ತಂತ್ರಾಂಶವಾದ ಆಟೋಮ್ಯಾಟಿಕ್1111ನಲ್ಲಿ `Only masked` ಆಯ್ಕೆ ಮಾಡುವುದೂ ಇದನ್ನೇ. ಆಗ ಮುಖದ ಅಗಲ 600 ಪಿಕ್ಸೆಲ್ ಆದರೆ ಕಣ್ಣಿಗೆ ಎರಡರ ಬದಲು ಹದಿನೈದು ಕೋಶ ಸಿಗುತ್ತದೆ. ಗದ್ದಲವನ್ನು 0.3ರ ಆಸುಪಾಸಿನಲ್ಲೇ ಇಡಿ. ಅದಕ್ಕಿಂತ ಹೆಚ್ಚು ಬೇಕಾದರೆ ಇನ್‌ಸ್ಟೆಂಟ್‌ಐಡಿ ಅಥವಾ ಐಪಿ-ಅಡಾಪ್ಟರ್ ಫೇಸ್‌ಐಡಿ ಜೋಡಿಸಬಹುದು. ಇವು ಮುಖ ಗುರುತಿಸುವ ಜಾಲವೊಂದರಿಂದ ಆ ವ್ಯಕ್ತಿಯ ಮುಖವನ್ನು 512 ಸಂಖ್ಯೆಗಳಾಗಿ ತೆಗೆದು ಮಾದರಿಗೆ ದಾರಿ ತೋರಿಸುತ್ತವೆ. ಆದರೆ ಆ ಜಾಲವನ್ನು ತಯಾರಿಸಿರುವುದೇ ವಯಸ್ಸು, ಬೆಳಕು, ಮುಖಭಾವ ಬದಲಾದರೂ ಒಬ್ಬರನ್ನು ಒಬ್ಬರೆಂದೇ ಹೇಳುವುದಕ್ಕೆ. ಆದ್ದರಿಂದ ಮಚ್ಚೆ, ಹಲ್ಲಿನ ಸಂದು, ಚರ್ಮದ ಗುಣ ಅದರಲ್ಲಿ ನೆಚ್ಚುವಷ್ಟು ಉಳಿದಿರುವುದಿಲ್ಲ.

ಪರೀಕ್ಷೆ ಮಾಡುವಾಗಲೂ ಇದನ್ನು ನೆನಪಿಡಬೇಕು. ಇನ್‌ಸೈಟ್‌ಫೇಸ್‌ನಂಥ ಸಲಕರಣೆಯಿಂದ ಮೂಲ ಮುಖಕ್ಕೂ ಹೊಸ ಮುಖಕ್ಕೂ ಹೋಲಿಕೆಯ ಅಂಕ ತೆಗೆಯಬಹುದು. ಆ ಅಂಕವನ್ನು ಯಾವುದೋ ಸ್ಥಿರ ಮಿತಿಯೊಂದಿಗೆ ಹೋಲಿಸಬೇಡಿ. ಅದೇ ಹುಡುಗಿಯ ಎರಡು ನಿಜವಾದ ಫೋಟೋಗಳ ನಡುವೆ ಎಷ್ಟು ಬರುತ್ತದೆಂದು ಮೊದಲು ನೋಡಿ. ಒಂದೇ ಭಂಗಿಯ ತಿದ್ದಿದ ಚಿತ್ರದ ಅಂಕ ಅದಕ್ಕಿಂತ ಮೇಲಿರಬೇಕು. ಕೆಳಗೆ ಇಳಿದರೆ ಮುಖ ಹೋಯಿತೆಂದೇ ಅರ್ಥ. ಇನ್‌ಸ್ಟೆಂಟ್‌ಐಡಿ ಬಳಸಿದ್ದಾಗ ಈ ಅಂಕವನ್ನು ನಂಬಬೇಡಿ, ಏಕೆಂದರೆ ದಾರಿ ತೋರಿಸಿದ್ದೂ ಅದೇ ಬಳಗದ ಜಾಲ, ಅಂಕ ಕೊಡುತ್ತಿರುವುದೂ ಅದೇ. ಅಂಥಲ್ಲಿ ಎರಡು ಲೇಯರ್‌ಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನ ಲೇಯರ್ ಅನ್ನು ತೋರಿಸುವ, ಮರೆಮಾಡುವ ಕಣ್ಣಿನ ಗುರುತನ್ನು ಒತ್ತಿ ಒತ್ತಿ ಬಿಡುತ್ತಾ ನೋಡಿ. ಕಣ್ಣಿನ ಒಳಮೂಲೆ, ಮೂಗಿನ ಹೊಳ್ಳೆಯ ಅಂಚು, ತುಟಿಗಳ ಸಂಧಿ ಈ ಮೂರರಲ್ಲಿ ಯಾವುದು ಕದಲಿದರೂ ಆ ಚಿತ್ರವನ್ನು ಗ್ರಾಹಕರಿಗೆ ಕೊಡಬೇಡಿ.