ವರದಿಯ ಕಾಲರೇಖೆಯಲ್ಲಿ ಮೈಲಿಗಲ್ಲುಗಳನ್ನು ಸಮಾನ ಅಂತರದಲ್ಲಿ ಕೂರಿಸುವುದು ಹೇಗೆ?

ಪ್ರಶ್ನೆ: ನಮ್ಮ ಯೋಜನಾ ವರದಿಗೆ ಏಳು ಮೈಲಿಗಲ್ಲುಗಳ ಒಂದು ಟೈಮ್‌ಲೈನ್ ಚಿತ್ರ ಬೇಕು. ಬಿಂದುಗಳು ಸಮಾನ ಅಂತರದಲ್ಲಿರಬೇಕು, ಹೆಸರುಗಳು ಚಿಕ್ಕದಾಗಿರಬೇಕು. ಪವರ್‌ಪಾಯಿಂಟ್‌ನಲ್ಲಿ ಅಂದವಾಗಿ ಮಾಡುವ ವಿಧಾನವನ್ನು ತಿಳಿಸುವಿರಾ?

ಉತ್ತರ: ನಾನೂ ಒಮ್ಮೆ ಇಂಥದ್ದೇ ಚಿತ್ರ ಮಾಡಿದ್ದೆ. ಅಂದವಾಗಿಯೇ ಬಂದಿತ್ತು. ಆ ಅಂದದಿಂದಾಗಿ ಒಂದು ಕೆರೆಯ ಹೂಳು ಅರ್ಧ ಹಾಗೆಯೇ ಉಳಿಯಿತು.

ಆಗ ನಾನು ಕೆರೆಗಳ ಪುನಶ್ಚೇತನ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ವರದಿ ಬರೆಯುವ ಕೆಲಸದಲ್ಲಿದ್ದೆ. ಮೊದಲ ಕೆರೆಯ ಕೆಲಸ 2016ರ ಜನವರಿಯಲ್ಲಿ ಆರಂಭವಾಗಿ 2017ರ ಮಾರ್ಚ್ ಕೊನೆಗೆ, ಅಂದರೆ 15 ತಿಂಗಳಲ್ಲಿ, ಮುಗಿಯಿತು. ಜನವರಿ ಕೊನೆಗೆ ಸರ್ವೆ, ಫೆಬ್ರುವರಿ ಕೊನೆಗೆ ಪಂಚಾಯಿತಿಯ ಒಪ್ಪಿಗೆ, ಮಾರ್ಚ್ ನಡುವಿನಲ್ಲಿ ಹೂಳೆತ್ತುವ ಕೆಲಸದ ಆರಂಭ, ಮೇ ಕೊನೆಗೆ ಅದರ ಮುಕ್ತಾಯ. ಅಲ್ಲಿಂದ ಮುಂದೆ ಮಳೆ ಬಂದು ಕೆರೆ ತುಂಬಿತು. ಅಚ್ಚುಕಟ್ಟಿನ ಭತ್ತದ ಕೊಯ್ಲು ಮುಗಿದು ನೀರು ಇಳಿಯುವವರೆಗೆ ತೂಬಿನ ಬುಡಕ್ಕೆ ಯಾರೂ ಹೋಗುವಂತಿರಲಿಲ್ಲ. ಹೀಗಾಗಿ ತೂಬು ಮತ್ತು ಕೋಡಿಯ ದುರಸ್ತಿ ಮುಗಿದದ್ದು ಮರುವರ್ಷದ ಜನವರಿ ಕೊನೆಗೆ. ಬಳಕೆದಾರರ ಸಂಘಕ್ಕೆ ಹಸ್ತಾಂತರವಾದದ್ದು ಮಾರ್ಚ್ ಕೊನೆಗೆ. ಆರಂಭವನ್ನೂ ಸೇರಿಸಿದರೆ ಏಳು ಬಿಂದುಗಳು.

ನಾನು 15 ಸೆಂ.ಮೀ. ಉದ್ದದ ಗೆರೆ ಎಳೆದು, ಏಳು ಬಿಂದುಗಳನ್ನು ಆಯ್ದು `Distribute Horizontally` ಒತ್ತಿದೆ. ಎರಡೆರಡು ಬಿಂದುಗಳ ನಡುವೆ ಸರಿಯಾಗಿ 2.5 ಸೆಂ.ಮೀ. ಅಂತರ ಬಂತು. ದಿನಾಂಕಗಳನ್ನು ಹಾಕಿದರೆ ಕಿಕ್ಕಿರಿಯುತ್ತದೆಂದು ಎರಡು ತುದಿಗಳಲ್ಲಿ ಮಾತ್ರ ಹಾಕಿದೆ. ನನ್ನ ತಪ್ಪು ಇಲ್ಲೇ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತುದಿಗಳಲ್ಲಿ ದಿನಾಂಕವಿರುವ ಗೆರೆಯನ್ನು ಓದುಗರು ಅಳತೆಪಟ್ಟಿಯಂತೆ ಓದುತ್ತಾರೆ. ಹಾಗೆ ಓದಿದರೆ ನನ್ನ ಚಿತ್ರದಲ್ಲಿ 2.5 ಸೆಂ.ಮೀ. ಎಂದರೆ ಎರಡೂವರೆ ತಿಂಗಳು. ನಿಜದಲ್ಲಿ ಒಪ್ಪಿಗೆ ಸಿಕ್ಕಿದ್ದಕ್ಕೂ ಹೂಳೆತ್ತುವುದು ಶುರುವಾದದ್ದಕ್ಕೂ ನಡುವೆ ಇದ್ದದ್ದು ಹದಿನೈದು ದಿನ. ಹೂಳು ಮುಗಿದದ್ದಕ್ಕೂ ದುರಸ್ತಿ ಮುಗಿದದ್ದಕ್ಕೂ ನಡುವೆ ಎಂಟು ತಿಂಗಳು. ಎರಡಕ್ಕೂ ಚಿತ್ರದಲ್ಲಿ ಒಂದೇ ಅಗಲ. ಹೂಳೆತ್ತುವ ಕೆಲಸವೇನೋ ನಿಜವಾಗಿಯೂ ಎರಡೂವರೆ ತಿಂಗಳೇ ಹಿಡಿದಿತ್ತು, ಆದರೆ ಅದು ಗೆರೆಯ ಮೇಲೆ ಕುಳಿತದ್ದು 7.5ರಿಂದ 10 ಸೆಂ.ಮೀ.ವರೆಗೆ. ಅಳೆದು ನೋಡಿದವರಿಗೆ ಅದು ಆಗಸ್ಟ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ, ಮಳೆಗಾಲದ ನಟ್ಟನಡುವೆ, ನಡೆದ ಕೆಲಸ. ಪಠ್ಯದಲ್ಲಿ ಎಲ್ಲ ದಿನಾಂಕಗಳೂ ಸರಿಯಾಗಿದ್ದವು, ಆದರೆ ಅವು ಹದಿನಾಲ್ಕನೆಯ ಪುಟದಲ್ಲಿದ್ದವು. ಚಿತ್ರ ಎರಡನೆಯ ಪುಟದಲ್ಲಿತ್ತು.

ಎರಡನೆಯ ಕೆರೆಗೆ ಅದೇ ದಾನಿಗಳು, ಅದೇ 15 ತಿಂಗಳ ಅವಧಿಗೆ, 2018ರ ಜನವರಿಯಿಂದ ಹಣ ಕೊಟ್ಟರು. ಆರು ಅಂತರಗಳಿಗೆ ಆರು ಸಮ ಕಂತುಗಳು, ಎರಡೂವರೆ ತಿಂಗಳಿಗೊಂದರಂತೆ. ಈ ಕಂತುಗಳು ಕೆಲಸದ ಖರ್ಚಿಗೆ ಹೊಂದುವುದಿಲ್ಲವೆಂಬುದು ಒಪ್ಪಂದಕ್ಕೆ ಸಹಿ ಹಾಕುವಾಗ ನಮ್ಮವರಲ್ಲಿ ಯಾರಿಗೂ ಹೊಳೆಯಲಿಲ್ಲ. ಮಾರ್ಚ್ ನಡುವಿನಿಂದ ಹಿಟಾಚಿ ಮತ್ತು ಟಿಪ್ಪರ್‌ಗಳ ಬಾಡಿಗೆ ದಿನದಿನಕ್ಕೂ ಏರತೊಡಗಿತು. ಒಟ್ಟು ವೆಚ್ಚದ ಅರ್ಧಕ್ಕಿಂತ ಹೆಚ್ಚು ಖರ್ಚಾಗುವುದು ಆ ಎರಡೂವರೆ ತಿಂಗಳಲ್ಲೇ; ನಮ್ಮ ಕೈಯಲ್ಲಿದ್ದದ್ದು ಎರಡು ಕಂತು, ಅಂದರೆ ಮೂರನೇ ಒಂದು ಪಾಲು. ಏಪ್ರಿಲ್ ಕೊನೆಗೆ ಯಂತ್ರಗಳು ಹೊರಟುಹೋದವು. ಮೂರನೆಯ ಕಂತು ಜೂನ್ 1ಕ್ಕೆ ಬಂದಾಗ ಕೆರೆಯಂಗಳದಲ್ಲಿ ನೀರು ನಿಂತಿತ್ತು. ವಿಚಾರಿಸಿದಾಗ ದಾನಿ ಸಂಸ್ಥೆಯ ಅಧಿಕಾರಿಗಳು ಬೇಸರವಿಲ್ಲದೆ ಹೇಳಿದರು: "ನಿಮ್ಮ ವರದಿಯ ಚಿತ್ರವನ್ನು ನೋಡಿಯೇ ಕಂತು ಹಾಕಿದ್ದೇವಲ್ಲ, ಸರ್." ಅವರದೇನೂ ತಪ್ಪಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯ ಮೊದಲರ್ಧವನ್ನೇ ನಾನು ಒಪ್ಪುವುದಿಲ್ಲ. ಸಮಾನ ಅಂತರದ ಬಿಂದುಗಳು ಹೇಳುವುದು ಯಾವುದರ ನಂತರ ಯಾವುದು ಎಂಬುದನ್ನು ಮಾತ್ರ. ಅದಕ್ಕೆ 1ರಿಂದ 7ರವರೆಗೆ ಸಂಖ್ಯೆ ಹಾಕಿದ ಪಟ್ಟಿ ಸಾಕು, ಗೆರೆ ಬೇಡ. ಗೆರೆ ಎಳೆಯುವುದಾದರೆ ಬಿಂದುಗಳನ್ನು ದಿನಾಂಕಕ್ಕೆ ತಕ್ಕಂತೆ ಇಡಿ.

ಅದನ್ನು ಮಾಡುವುದು ಕಷ್ಟವೇನಲ್ಲ. A4 ಪುಟದಲ್ಲಿ ಸಾಮಾನ್ಯ ಅಂಚು ಬಿಟ್ಟರೆ ಸುಮಾರು 16 ಸೆಂ.ಮೀ. ಅಗಲ ಸಿಗುತ್ತದೆ. `Design` ಟ್ಯಾಬಿನ `Slide Size` ನಲ್ಲಿ ಸ್ಲೈಡನ್ನೇ 16 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರಕ್ಕೆ ಇಳಿಸಿಕೊಳ್ಳಿ. ಮಾಮೂಲಿ ಸ್ಲೈಡಿನ ಅಗಲ 33.87 ಸೆಂ.ಮೀ.; ಅದರಲ್ಲಿ ಬರೆದು ವರದಿಗೆ ಅಂಟಿಸಿದರೆ 18 ಪಾಯಿಂಟಿನ ಅಕ್ಷರ ಎಂಟೂವರೆಗೆ ಕುಗ್ಗುತ್ತದೆ, ಕನ್ನಡದ ಒತ್ತಕ್ಷರಗಳು ಮುದ್ರಣದಲ್ಲಿ ಕಲಸಿಹೋಗುತ್ತವೆ. ಎಡಕ್ಕೆ ಅರ್ಧ ಸೆಂ.ಮೀ. ಬಿಟ್ಟು 15 ಸೆಂ.ಮೀ. ಗೆರೆ ಎಳೆಯಿರಿ. 15 ತಿಂಗಳಾದರೆ ತಿಂಗಳಿಗೆ ಒಂದು ಸೆಂ.ಮೀ.; ನಿಮ್ಮ ಅವಧಿ ಬೇರೆಯಾದರೆ 15ನ್ನು ತಿಂಗಳುಗಳಿಂದ ಭಾಗಿಸಿ. ಬಿಂದುವಿನ ಸ್ಥಾನವನ್ನು ಮೌಸಿನಿಂದ ಎಳೆಯದೆ, `Format Shape` ನ `Position` ಅಡಿಯಲ್ಲಿರುವ `Horizontal position` ನಲ್ಲಿ ಅಂಕಿಯಾಗಿಯೇ ತುಂಬಿ. ಆ ಅಂಕಿ ಆಕೃತಿಯ ಎಡ ಅಂಚಿನದು, ನಡುವಿನದಲ್ಲ. ಬಿಂದುವಿನ ಅಗಲ 0.4 ಸೆಂ.ಮೀ. ಇದ್ದರೆ ಅದರ ಅರ್ಧವನ್ನು ಕಳೆಯಬೇಕು. ನಮ್ಮ ದುರಸ್ತಿ ಮುಗಿದದ್ದು 13ನೆಯ ತಿಂಗಳ ಕೊನೆಗೆ, ಹಾಗಾಗಿ 0.5 + 13 − 0.2 = 13.3. ಹೀಗೆ ಇಟ್ಟಾಗ 5ರಿಂದ 13 ಸೆಂ.ಮೀ.ವರೆಗೆ ಗೆರೆ ಖಾಲಿ ಕಾಣುತ್ತದೆ. ಅದನ್ನು ತುಂಬಲು ಹೋಗಬೇಡಿ. ಗೆರೆಯ ಮೇಲೆ "ಕೆರೆಯಲ್ಲಿ ನೀರು" ಎಂದು ತಿಳಿಬಣ್ಣದಲ್ಲಿ ಬರೆದುಬಿಡಿ. ಆ ಖಾಲಿ ಜಾಗವನ್ನು ದಾನಿಗಳು ಅಂದು ನೋಡಿದ್ದರೆ ಕಂತುಗಳು ಬೇರೆಯೇ ರೀತಿ ಬರುತ್ತಿದ್ದವು.

ಎಡ ತುದಿಯಲ್ಲಿ ಬಿಂದುಗಳು ಒತ್ತೊತ್ತಾಗುತ್ತವೆ ಎಂಬುದು ನಿಜ. ಹೆಸರುಗಳಲ್ಲಿ ಒಂದನ್ನು ಗೆರೆಯ ಮೇಲೆ, ಮುಂದಿನದನ್ನು ಕೆಳಗೆ ಎಂದು ಬದಲಿಸುತ್ತಾ, ಎತ್ತರವನ್ನೂ ಏರಿಳಿಸಿ, ಸಣ್ಣ ಲಂಬರೇಖೆಯಿಂದ ಜೋಡಿಸಿದರೆ ಏಳೂ ಹಿಡಿಯುತ್ತವೆ. ಬಲ ತುದಿಯ ಹೆಸರನ್ನು ಬಲಕ್ಕೆ ಒತ್ತಿಸಿ ಬರೆಯದಿದ್ದರೆ ಸ್ಲೈಡಿನಾಚೆ ಚಾಚುತ್ತದೆ.

ಹೆಸರು ಚಿಕ್ಕದಿರಲಿ, ಆದರೆ ಒಂದೇ ಪದಕ್ಕೆ ಇಳಿಸಬೇಡಿ. ನಾನು "ಹೂಳು" ಎಂದಷ್ಟೇ ಬರೆದಿದ್ದೆ. ಅದು ಆರಂಭವೋ ಮುಕ್ತಾಯವೋ ತಿಳಿಯುವಂತಿರಲಿಲ್ಲ. ಮೈಲಿಗಲ್ಲು ಒಂದು ಗಳಿಗೆಯನ್ನು ಸೂಚಿಸುತ್ತದೆ, ಆದ್ದರಿಂದ ಆ ಗಳಿಗೆಯಲ್ಲಿ ಆದದ್ದೇನು ಎಂಬುದು ಹೆಸರಿನಲ್ಲಿರಬೇಕು: "ಹೂಳೆತ್ತುವಿಕೆ ಆರಂಭ", "ತೂಬು ದುರಸ್ತಿ ಪೂರ್ಣ". ಕೆಳಗೆ ಇನ್ನೊಂದು ಸಾಲಿನಲ್ಲಿ ತಿಂಗಳು.

ನಿಮ್ಮ ಕಚೇರಿಯ ನಮೂನೆಯೇ ಸಮಾನ ಅಂತರವನ್ನು ಕೇಳುತ್ತಿದ್ದರೆ, ಎಲ್ಲ ಬಿಂದುಗಳಿಗೂ ಒಂದೇ ಅಗಲದ ಪೆಟ್ಟಿಗೆ ಮಾಡಿಕೊಂಡು `Distribute Horizontally` ಒತ್ತಿ. ಆ ಆದೇಶ ಪೆಟ್ಟಿಗೆಗಳ ನಡುವಿನ ಬಿಡುವನ್ನು ಸಮ ಮಾಡುತ್ತದೆಯೇ ಹೊರತು ನಡುಬಿಂದುಗಳನ್ನಲ್ಲ, ಹೀಗಾಗಿ ಅಗಲ ಬೇರೆಬೇರೆಯಾದರೆ ಬಿಂದುಗಳು ಅತ್ತಿತ್ತ ಸರಿಯುತ್ತವೆ. ಆಮೇಲೆ ಪ್ರತಿ ಬಿಡುವಿನಲ್ಲೂ ಅದರ ನಿಜವಾದ ಅವಧಿಯನ್ನು, "15 ದಿನ", "8 ತಿಂಗಳು" ಎಂದು, ಬಿಂದುಗಳ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ ಬರೆಯಿರಿ.