ಕುಕ್ಕರ್ ವಾಪಸ್ ಪಡೆಯುವ ಪ್ರಕಟಣೆ: ಕನ್ನಡದಲ್ಲಿ ಧಾಟಿ ಹೇಗಿರಬೇಕು?

ಪ್ರಶ್ನೆ: "ನಮ್ಮ ಕಂಪನಿ ಕೆಲವು ಕುಕ್ಕರ್ ವಾಪಸ್ ತರಿಸಿಕೊಳ್ಳುತ್ತಿದೆ. ಇಂಗ್ಲಿಷ್ ಪ್ರಕಟಣೆ ಕನ್ನಡಕ್ಕೆ ಮಾಡಬೇಕು. ಜನ ಗಾಬರಿಯಾಗಬಾರದು, ಆದರೆ ಏನು ಮಾಡಬೇಕು ಅಂತ ತಿಳಿಯಬೇಕು. ಹೇಗೆ?"

ಸಮಾಧಾನದ ಧಾಟಿ ಕಾರಣ ಹೇಳುವ ಕಡೆ ಇರಲಿ, ಏನು ಮಾಡಬೇಕು ಅನ್ನುವ ಕಡೆ ಬೇಡ. ನಾನು ಹುಬ್ಬಳ್ಳಿಯಲ್ಲಿ ಅನುವಾದದ ಕೆಲಸ ಮಾಡುತ್ತೇನೆ. ನಾನು ನೋಡಿದ ಎಷ್ಟೋ ಕರಡುಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಕಾರಣವನ್ನು ಹೀಗೆ ಬರೆಯಬಹುದು: "ಕೆಲವು ಕುಕ್ಕರ್‌ಗಳ ಸೇಫ್ಟಿ ವಾಲ್ವ್ ಸರಿಯಾಗಿ ತೆರೆಯದೆ ಒಳಗೆ ಒತ್ತಡ ಹೆಚ್ಚಾಗಬಹುದು. ಆಗ ಮುಚ್ಚಳ ಹಾರಿ ಸುಟ್ಟ ಗಾಯವಾಗಬಹುದು." ಎಲ್ಲ ಕುಕ್ಕರ್‌ಗೂ ಹಾಗಾಗಲ್ಲ, ಅದಕ್ಕೆ ಇಲ್ಲಿ 'ಬಹುದು' ಸರಿ. 'ಎಚ್ಚರ! ಅಪಾಯ!' ಅನ್ನೋ ತಲೆಬರಹ ಬೇಡ. ಹಾಗಂತ ಬರೀ 'ತಾಂತ್ರಿಕ ದೋಷ' ಅಂದು ಮುಗಿಸಲೂಬೇಡಿ. ಏನಾಗುತ್ತೆ ಅಂತ ಹೇಳದಿದ್ದರೆ ಕೆಲವರು ಇಲ್ಲದ್ದನ್ನೆಲ್ಲ ಊಹಿಸುತ್ತಾರೆ, ಉಳಿದವರು ಸುಮ್ನೆ ಪುಟ ತಿರುವುತ್ತಾರೆ.

ಅದೇ 'ಬಹುದು' ಮುಂದಿನ ಸಾಲಿಗೆ ಬಂದರೆ ಕೆಟ್ಟಿತು. "ಗ್ರಾಹಕರು ಕುಕ್ಕರನ್ನು ಹಿಂತಿರುಗಿಸಬಹುದಾಗಿದೆ" ಅಂದರೆ ಮನಸ್ಸಿದ್ದರೆ ಕೊಡಿ ಅಂದಂತೆ, ಅಲ್ವಾ? "ಬಳಸದಂತೆ ಕೋರಲಾಗಿದೆ" ಅನ್ನೋದು ಸರ್ಕಾರಿ ಸುತ್ತೋಲೆ. ನೇರವಾಗಿ ಬರೆಯಿರಿ: "ಈ ಕುಕ್ಕರನ್ನು ಇಂದಿನಿಂದಲೇ ಬಳಸಬೇಡಿ. ಕೊಂಡ ಅಂಗಡಿಗೆ ತನ್ನಿ. ಬೇರೆ ಕುಕ್ಕರ್ ಕೊಡುತ್ತೇವೆ, ಹಣ ಕೊಡಬೇಕಿಲ್ಲ. ಬಿಲ್ ಇಲ್ಲದಿದ್ದರೂ ನಡೆಯುತ್ತದೆ." ಕೊನೆಯ ಮಾತು ಕಂಪನಿ ಒಪ್ಪಿದ್ದರೆ ಮಾತ್ರ. ಕೇಳಿ ಖಚಿತಪಡಿಸಿಕೊಳ್ಳಿ, ಬಿಲ್ ಕಳೆದವರು ಅದನ್ನೇ ಮೊದಲು ಕೇಳೋದು.

ಗಾಬರಿ ಇಳಿಸೋಕೆ ಯಾವ ಕುಕ್ಕರ್ ಅಂತ ಖಚಿತವಾಗಿ ಹೇಳೋದೇ ಒಳ್ಳೆಯ ದಾರಿ. ಇಂಗ್ಲಿಷಿನಲ್ಲಿ ಬ್ಯಾಚ್ ಸಂಖ್ಯೆ 2306ರಿಂದ 2309 ಅಂತಿದ್ದರೆ '2309ರವರೆಗೆ' ಅಂದು ಬಿಡಬೇಡಿ, 2309 ಸೇರಿತೋ ಇಲ್ಲವೋ ಅನ್ನೋ ಅನುಮಾನ ಬರುತ್ತೆ. "ತಳದಲ್ಲಿ 2306, 2307, 2308 ಅಥವಾ 2309 ಎಂದಿದ್ದರೆ ಮಾತ್ರ" ಅನ್ನಿ. ಅಂಕಿಗಳು ಕುಕ್ಕರ್ ಮೇಲೆ ಅಚ್ಚಾದ ಹಾಗೇ ಇರಲಿ, ಕನ್ನಡ ಅಂಕಿ ಮಾಡಬೇಡಿ.

ಇನ್ನೊಂದು, "ಯಾರಿಗೂ ಗಾಯವಾಗಿಲ್ಲ" ಅಂತ ಬರೆಯಬೇಡಿ. ಮೂಲದಲ್ಲಿ ಸಾಮಾನ್ಯವಾಗಿ ಇರೋದು "ಗಾಯವಾದ ದೂರು ಇದುವರೆಗೆ ಬಂದಿಲ್ಲ" ಅಂತ. ಎರಡೂ ಒಂದೇ ಅಲ್ಲ.

ಕಳಿಸೋ ಮುಂಚೆ ಇದನ್ನು ಮೊದಲ ಸಲ ನೋಡುವವರಿಗೆ ಓದಿಸಿ, "ಈಗ ನೀವು ಏನ್ ಮಾಡ್ತೀರಿ?" ಅಂತ ಕೇಳಿ. ಒಂದು ಕರಡನ್ನು ಬ್ರಾಡ್‌ವೇ ಹತ್ತಿರದ ಬಾಂಡೆ ಅಂಗಡಿಯವರಿಗೆ ಓದಿಸಿದ್ದೆ. "ಸಣ್ಣ ಉರಿಯಾಗ ಇಟ್ಟು ಮಾಡ್ರಿ ಅಂತ ಗಿರಾಕಿಗೆ ಹೇಳ್ತೀನ್ರಿ" ಅಂದರು. ಅದರಲ್ಲಿ "ಎಚ್ಚರಿಕೆಯಿಂದ ಬಳಸುವುದು ಒಳಿತು" ಅನ್ನೋ ಸಾಲಿತ್ತು. ಅದನ್ನು ತೆಗೆದು "ಬಳಸಬೇಡಿ" ಅಂತ ಹಾಕಿಸಿದೆ.